ಐದಡಿ ಗ್ಯಾಲರಿಯ ಕಾಲ

ಮಕರಪುರದ ಹಳೇ ರಸ್ತೆಯಲ್ಲಿ ನಿಂತು ಒಂದು ಕಟ್ಟಡದ ಮುಖ ನೋಡಿದರೆ ಸಾಕು, ಅದು ಯಾವ ದಶಕದಲ್ಲಿ ಎದ್ದದ್ದು ಎಂದು ನಾನು ಹೇಳಬಲ್ಲೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಗೋಡೆಯ ಬಣ್ಣ ದೀಪಾವಳಿಗೆ ಬದಲಾಗುತ್ತದೆ, ಬಾಗಿಲನ್ನು ಮಗಳ ಮದುವೆಗೆ ಬದಲಾಯಿಸುತ್ತಾರೆ. ಆದರೆ ಬಾಲ್ಕನಿ ಹುಟ್ಟಿದಾಗ ಎಷ್ಟು ಹೊರಗೆ ಚಾಚಿತ್ತೋ ಅಷ್ಟೇ ಇರುತ್ತದೆ. ಸೊಂಟದೆತ್ತರಕ್ಕೆ ಸಿಮೆಂಟಿನ ಜಾಲಂಧ್ರ ಕಂಡರೆ ಅದು ನಾನು ಹುಟ್ಟುವುದಕ್ಕೆ ಮೊದಲಿನದು ಅಥವಾ ನನ್ನ ವಾರಿಗೆಯದು. ಪಟ್ಟಿ ಕಬ್ಬಿಣವನ್ನು ಬಗ್ಗಿಸಿ ಸೂರ್ಯನ ಕಿರಣದಂತೆ, ನವಿಲಿನಂತೆ ಬೆಸೆದ ಗ್ರಿಲ್ ಇದ್ದರೆ ಎಂಬತ್ತರ ದಶಕದ್ದು. ಮೂಲೆ ದುಂಡಗಾಗಿ ತಿರುಗಿ, ಅದರ ಮೇಲೆ ಅಲ್ಯುಮಿನಿಯಮ್ಮಿನ ಸರಿಯುವ ಕಿಟಕಿ ಕೂತಿದ್ದರೆ ತೊಂಬತ್ತರ ದಶಕ ಎನ್ನಬಹುದು. ಉಕ್ಕಿನ ಕೊಳವೆಗೆ ಗಾಜು ಕಚ್ಚಿಸಿದ್ದರೆ ಅದು ಮೊನ್ನೆ ಮೊನ್ನೆಯದು. ಇದನ್ನೆಲ್ಲ ನನಗೆ ಕಲಿಸಿದ್ದು ನಾವಿದ್ದ ಮನೆಯ ಗ್ಯಾಲರಿ. ಬಡೋದೆಯಲ್ಲಿ ಬಾಲ್ಕನಿಯನ್ನು ಎಲ್ಲರೂ ಗ್ಯಾಲರಿ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅಂಥ ಗ್ಯಾಲರಿ ಈಗ ಕಟ್ಟುತ್ತಿಲ್ಲ. ಇರುವವುಗಳನ್ನೂ ಒಂದೊಂದಾಗಿ ಮುಚ್ಚಿಬಿಟ್ಟಿದ್ದಾರೆ.

ಅಪ್ಪಯ್ಯ ಶಿರಸಿ ಸೀಮೆಯವರು. ಮಕರಪುರದ ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಸಿಕ್ಕಿ ಗುಜರಾತಿಗೆ ಬಂದಿದ್ದರು. ಆ ಕಾಲಕ್ಕೆ ಬಡೋದೆಗೆ ಊರೂರಿನ ಜನ ಬರುತ್ತಿದ್ದರು; ಕೊಯಲಿಯ ರಿಫೈನರಿ, ರಸಗೊಬ್ಬರದ ಕಾರ್ಖಾನೆ, ಔಷಧ ಕಂಪನಿಗಳು, ಎಣ್ಣೆ ಹುಡುಕುವ ಓಎನ್‌ಜಿಸಿ, ಎಲ್ಲೆಡೆ ಕೆಲಸವಿತ್ತು. ಹೀಗೆ ಬಂದವರಿಗಾಗಿ ಮಕರಪುರದ ಹೊಲಗಳಲ್ಲಿ ಸೊಸೈಟಿಗಳು ಎದ್ದವು. ಲಿಫ್ಟ್ ಇಲ್ಲದ, ಮೂರು ಮಹಡಿಯ, ಒಂದು ಮೆಟ್ಟಿಲಿಗೆ ಎರಡು ಮನೆ ತೆರೆದುಕೊಳ್ಳುವ ಕಟ್ಟಡಗಳವು. ಅಂಥದೊಂದರ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಎರಡು ಕೋಣೆ, ಅಡುಗೆಮನೆ, ಮುಂದೆ ಗ್ಯಾಲರಿ, ಹಿಂದೆ ಪಾತ್ರೆ ಬಟ್ಟೆಗೆಂದು ಇನ್ನೊಂದು ಚಿಕ್ಕ ಚೌಕ. ಈಗಿನ ಲೆಕ್ಕದಲ್ಲಿ ತೀರಾ ಇಕ್ಕಟ್ಟಿನ ಮನೆ. ಆದರೆ ಅದು ಇಕ್ಕಟ್ಟು ಅಂತ ನಮಗ್ಯಾರಿಗೂ ಅನಿಸಲಿಲ್ಲ. ಕಾರಣ ಆ ಗ್ಯಾಲರಿ.

ಅದರ ಅಗಲ ಐದಡಿ, ಉದ್ದ ಹತ್ತಡಿ. ನೆಲಕ್ಕೆ ಕೋಟಾ ಕಲ್ಲು. ಮುಂದೆ ಸಿಮೆಂಟಿನ ಜಾಲಂಧ್ರ, ಅದರ ಮೇಲೆ ಮೊಣಕೈ ಊರಿ ನಿಲ್ಲಲು ಹದವಾದ ಒಂದು ಗಾರೆಯ ಪಟ್ಟಿ. ಐದಡಿ ಎನ್ನುವುದು ಸುಮ್ಮನೆ ಬಂದ ಅಳತೆಯಲ್ಲ. ಮೂರಡಿಯ ಬಾಲ್ಕನಿಯಲ್ಲಿ ನಿಲ್ಲಬಹುದು, ಬಟ್ಟೆ ಒಣಗಿಸಬಹುದು. ಕೂತರೆ ಹಿಂದೆ ಓಡಾಡಲು ಜಾಗವಿರುವುದಿಲ್ಲ. ನಾಲ್ಕಡಿಯಲ್ಲಿ ಕುರ್ಚಿ ಹಾಕಬಹುದು. ಆದರೆ ಉಯ್ಯಾಲೆ ತೂಗಬೇಕಾದರೆ ಐದಡಿ ಬೇಕು. ಹಲಗೆಗೆ ಎರಡಡಿ, ಮುಂದಕ್ಕೆ ಒಂದೂವರೆ, ಹಿಂದಕ್ಕೆ ಒಂದೂವರೆ. ಹೆಬ್ಬೆರಳ ತುದಿಯಿಂದ ನೆಲವನ್ನು ಮೆಲ್ಲಗೆ ಒತ್ತಿ ತೂಗಿದರೆ ಗೋಡೆಗೂ ತಾಗುವುದಿಲ್ಲ, ಜಾಲಂಧ್ರಕ್ಕೂ ತಾಗುವುದಿಲ್ಲ. ಗುಜರಾತಿಗರ ಮನೆಯಲ್ಲಿ ಈ ಉಯ್ಯಾಲೆಗೆ, ಅವರ ಹಿಂಚ್ಕೋಗೆ, ದೇವರಕೋಣೆಗಿರುವಷ್ಟೇ ಖಾತ್ರಿಯ ಜಾಗ. ಮನೆ ಕಟ್ಟಿಸುವಾಗಲೇ ಸ್ಲ್ಯಾಬಿನ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟು ಸುರಿಯುವ ಮೊದಲು, ಬೆರಳು ದಪ್ಪದ ಸರಳನ್ನು ಬಗ್ಗಿಸಿ ಕಂಬಿಗಳ ಮೇಲಿಂದ ಹಾಯಿಸಿ ನಾಲ್ಕು ಕಡಾಗಳನ್ನು ಕೆಳಗೆ ಇಳಿಬಿಡುತ್ತಿದ್ದರು. ಕಂಬಿಗೆ ಜೋತುಬಿದ್ದ ಕಡಾ ಕಾಂಕ್ರೀಟಿನ ಒಳಗೇ ಬೇರು ಬಿಡುತ್ತದೆ. ನಾಲ್ಕು ಜನ ಕೂತರೂ ಅಲುಗುವುದಿಲ್ಲ. ಆಮೇಲೆ ರಂಧ್ರ ಕೊರೆದು ಬೋಲ್ಟು ಹಾಕಿದ ಕೊಕ್ಕೆ ಅದಕ್ಕೆ ಸಮನಲ್ಲ. ಆದ್ದರಿಂದ ಹಳೇ ಕಟ್ಟಡದ ಗ್ಯಾಲರಿಯ ಸೂರಿನಲ್ಲಿ ಉಯ್ಯಾಲೆ ಇಲ್ಲದಿದ್ದರೂ ಆ ನಾಲ್ಕು ಕಬ್ಬಿಣದ ಕಡಾಗಳು ಕಾಣಿಸಿದರೆ, ಕಟ್ಟಿದವರು ಯಾವ ಸೀಮೆಯವರಿಗೆಂದು ಕಟ್ಟಿದ್ದರು ಎಂಬುದು ಅಲ್ಲೇ ಬರೆದಿರುತ್ತದೆ.

ಆಯಿಗೆ ಹಿಂದಿ ಬರುತ್ತಿರಲಿಲ್ಲ, ಗುಜರಾತಿಯಂತೂ ಮೊದಲೇ ಇಲ್ಲ. ಆದರೂ ಮೊದಲ ದಿನ ಆ ಕಡಾಗಳನ್ನು ನೋಡಿ ಅವಳಿಗೆ ಜೀವ ಬಂದಂತಾಯಿತಂತೆ. ನಮ್ಮೂರಿನ ಮನೆಯ ಜಗುಲಿಯಲ್ಲೂ ಅಜ್ಜನ ತೂಗುಮಂಚವಿತ್ತು. ಬಂದ ವರ್ಷವೇ ಅಪ್ಪಯ್ಯ ಸಾಗುವಾನಿ ಹಲಗೆಯ ಉಯ್ಯಾಲೆ ತಂದು, ಹಿತ್ತಾಳೆಯ ಸರಳುಗಳಲ್ಲಿ ತೂಗಿಹಾಕಿದರು. ಎದುರು ಬ್ಲಾಕಿನ ಗ್ಯಾಲರಿಯಲ್ಲಿ ಅಂಥದೇ ಉಯ್ಯಾಲೆಯಲ್ಲಿ ಒಬ್ಬ ಬಾ, ಎಂದರೆ ಅಲ್ಲಿಯ ಅಜ್ಜಿ, ಬೆಳಗ್ಗೆ ಬಟಾಣಿ ಸುಲಿಯುತ್ತ ಕೂರುತ್ತಿದ್ದರು. ಎರಡು ಗ್ಯಾಲರಿಗಳ ನಡುವೆ ಮೂವತ್ತಡಿ ಇದ್ದಿರಬಹುದು. ಕೂಗಬೇಕಾಗಿರಲಿಲ್ಲ, ಪಿಸುಗುಟ್ಟಿದರೆ ಕೇಳುತ್ತಿರಲಿಲ್ಲ. ಸಹಜವಾದ ದನಿಗೆ ಹೇಳಿ ಮಾಡಿಸಿದ ದೂರ.

“ಶುಂ ಛೆ ಬೆನ್?” ಎಂದು ಅವರು ಕೇಳುತ್ತಿದ್ದರು, ಇವತ್ತು ಸಾರೇನು ಎನ್ನುವ ಧಾಟಿಯಲ್ಲಿ.

“ತಂಬುಳಿ, ಬಾ,” ಎನ್ನುತ್ತಿದ್ದಳು ಆಯಿ. ತಂಬುಳಿ ಎಂದರೇನು ಎಂದು ಬಾಗೆ ತಿಳಿಯಲು ಒಂದು ಬೇಸಿಗೆಯೇ ಬೇಕಾಯಿತು. ಕೊನೆಗೆ ಒಂದು ದಿನ ಲೋಟದಲ್ಲಿ ತುಂಬಿಸಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಮರುದಿನ ಆ ಲೋಟ ಛಾಸ್ ತುಂಬಿಕೊಂಡು ವಾಪಸು ಬಂತು. ಆಯಿ ಗುಜರಾತಿ ಕಲಿತದ್ದು ಈ ಗ್ಯಾಲರಿಯಲ್ಲಿ. ಯಾರ ಮನೆಗೂ ಹೋಗಿ ಕೂರದೆ, ಯಾರನ್ನೂ ಒಳಗೆ ಕರೆದು ಕಾಫಿಗೆ ಇಡದೆ, ತನ್ನ ಮನೆಯಲ್ಲಿದ್ದುಕೊಂಡೇ ಬೀದಿಯಲ್ಲೂ ಇರುವ ಅನುಕೂಲ ಅದರಲ್ಲಿತ್ತು. ಹೊಸ ಊರಿಗೆ ಬಂದ, ನಾಚಿಕೆಯ ಹೆಂಗಸಿಗೆ ಅದಕ್ಕಿಂತ ದೊಡ್ಡ ಉಪಕಾರ ಯಾವ ಕಟ್ಟಡ ಮಾಡೀತು?

ನಮ್ಮ ಗ್ಯಾಲರಿ ದಕ್ಷಿಣಕ್ಕಿತ್ತು. ಅದರ ಬೆಲೆ ನನಗೆ ಗೊತ್ತಾದದ್ದು ಬಹಳ ಆಮೇಲೆ, ಬಿಸಿಲಿನ ಲೆಕ್ಕ ಕಲಿತಾಗ. ಬಡೋದೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮಗ್ಗುಲಲ್ಲೇ ಇದೆ. ಜೂನ್ 21ರ ಮಧ್ಯಾಹ್ನ ಸೂರ್ಯ ಅಲ್ಲಿ ನೆತ್ತಿಯಿಂದ ಒಂದು ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಆದ್ದರಿಂದ ಪಾದರಸ 42, 43 ಡಿಗ್ರಿ ಮುಟ್ಟುವ ಬೇಸಿಗೆಯ ನಡುಮಧ್ಯಾಹ್ನ ದಕ್ಷಿಣದ ಗೋಡೆಗೆ ನೇರ ಬಿಸಿಲೇ ತಾಗುವುದಿಲ್ಲ. ಮೇಲಿನ ಮನೆಯ ಗ್ಯಾಲರಿಯೇ ನಮಗೆ ಕೊಡೆ. ಡಿಸೆಂಬರಿನಲ್ಲಿ ಮಾತ್ರ ಅದೇ ಸೂರ್ಯ ಮಧ್ಯಾಹ್ನಕ್ಕೆ ಸುಮಾರು 44 ಡಿಗ್ರಿಯಷ್ಟೇ ಏರುತ್ತಾನೆ. ಐದಡಿ ಚಾಚಿದ ಸೂರಿನ ನೆರಳು ಆಗ ಗೋಡೆಯ ಮೇಲೆ ಹೆಚ್ಚುಕಡಿಮೆ ಐದಡಿಯಷ್ಟೇ ಕೆಳಗಿಳಿಯುತ್ತದೆ. ಸೂರು ಒಂಬತ್ತೂವರೆ ಅಡಿ ಎತ್ತರದಲ್ಲಿದ್ದರೆ ಗೋಡೆಯ ಕೆಳಗಿನ ನಾಲ್ಕೂವರೆ ಅಡಿಯಲ್ಲಿ ಬಿಸಿಲು. ಗ್ಯಾಲರಿಯ ನಡುವೆ ಉಯ್ಯಾಲೆಯಲ್ಲಿ ಕೂತವರ ಮೇಲಂತೂ ಪಾದದಿಂದ ತಲೆವರೆಗೆ ಬಿಸಿಲು. ಬೇಸಿಗೆಯಲ್ಲಿ ನೆರಳು, ಚಳಿಯಲ್ಲಿ ಕಾವು. ಒಂದು ಗುಂಡಿ ಒತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಚಳಿಗಾಲದ ಶಾಲಾ ರಜೆಯಲ್ಲಿ ತಮ್ಮನಿಗೆ ಎಣ್ಣೆ ತಿಕ್ಕಿ ಆಯಿ ಕೂರಿಸುತ್ತಿದ್ದುದು ಆ ಉಯ್ಯಾಲೆಯ ಮೇಲೆಯೇ.

ಪಶ್ಚಿಮಕ್ಕೆ ಗ್ಯಾಲರಿ ಇದ್ದವರಿಗೆ ಈ ಭಾಗ್ಯವಿರಲಿಲ್ಲ. ಇಳಿಹೊತ್ತಿನ ಸೂರ್ಯ ಕೆಳಗಿಂದ ಅಡ್ಡಲಾಗಿ ಬರುತ್ತಾನೆ. ಸೂರು ಎಷ್ಟು ಚಾಚಿದರೂ ಅವನನ್ನು ತಡೆಯದು. ಅವನಿಗೆ ಬೇಕಾದದ್ದು ನಿಂತ ತಡೆ, ಮಲಗಿದ್ದಲ್ಲ. ಇದನ್ನು ಬಲ್ಲವರು ಕಟ್ಟಿದ ಹಳೇ ಕಟ್ಟಡಗಳಲ್ಲಿ ದಕ್ಷಿಣದ ಮುಖಕ್ಕೂ ಪಶ್ಚಿಮದ ಮುಖಕ್ಕೂ ಸಂಬಂಧವೇ ಇರುವುದಿಲ್ಲ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಲ ಕಾರ್ಬೂಸಿಯೇ 1954ರಲ್ಲಿ ಮುಗಿಸಿದ ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ನೋಡಿದವರಿಗೆ ಇದು ಕಣ್ಣಿಗೆ ಹೊಡೆದಂತೆ ತಿಳಿಯುತ್ತದೆ. ರಸ್ತೆಗೆ ಮುಖ ಮಾಡಿದ ಪಶ್ಚಿಮದಲ್ಲಿ ಕಾಂಕ್ರೀಟಿನ ದಪ್ಪ ಹಲಗೆಗಳು ಓರೆಯಾಗಿ ನಿಂತು ಸಂಜೆಬಿಸಿಲಿಗೆ ಬೆನ್ನು ತಿರುಗಿಸಿವೆ. ನದಿಯ ಕಡೆಯ ಪೂರ್ವದಲ್ಲಿ ಅವೇ ಹಲಗೆಗಳು ನೇರವಾಗಿ ನಿಂತು ಗಾಳಿಗೆ ದಾರಿ ಬಿಟ್ಟಿವೆ. ದೊಡ್ಡವರ ಆ ಪಾಠ ಎರಡು ದಶಕದಲ್ಲಿ ನಮ್ಮಂಥವರ ಸೊಸೈಟಿಗಳಿಗೂ ಇಳಿದು ಬಂತು. ಮಕರಪುರದ ಮೇಸ್ತ್ರಿಗೆ ಕಾರ್ಬೂಸಿಯೇ ಯಾರೆಂದು ಗೊತ್ತಿರಲಿಕ್ಕಿಲ್ಲ. ಆದರೆ ಪಶ್ಚಿಮದ ಗ್ಯಾಲರಿಗೆ ಪಕ್ಕದಲ್ಲಿ ಒಂದು ನಿಂತ ಗೋಡೆ, ಅದರಲ್ಲಿ ಸೂರಿನ ತನಕ ಜಾಲಂಧ್ರ ಬೇಕೆಂದು ಗೊತ್ತಿತ್ತು. ಇವತ್ತು ಅದೇ ರಸ್ತೆಯ ಹೊಸ ಕಟ್ಟಡಗಳನ್ನು ಸುತ್ತಿ ಬನ್ನಿ. ನಾಲ್ಕೂ ದಿಕ್ಕಿಗೆ ಒಂದೇ ಗಾಜು, ಒಂದೇ ಅಗಲ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂಬುದನ್ನು ಕಟ್ಟಡ ನೋಡಿ ಹೇಳುವಂತಿಲ್ಲ.

ಬೀದಿಯನ್ನು ನೋಡುತ್ತ ಕೂರುವ ಈ ಅಭ್ಯಾಸ ಗುಜರಾತಿಗೆ ಫ್ಲಾಟುಗಳ ಜೊತೆ ಬಂದದ್ದಲ್ಲ. ಬಡೋದೆಯ ಮಾಂಡವಿಯ ಸುತ್ತಲಿನ ಪೋಳ್‌ಗಳಲ್ಲಿ, ಅಹಮದಾಬಾದಿನ ಹಳೇ ಕೋಟೆಯೊಳಗಿನ ಓಣಿಗಳಲ್ಲಿ ಮನೆಯ ಮುಂದೆ ಓಟಲೋ ಇರುತ್ತಿತ್ತು, ನಮ್ಮ ಜಗುಲಿಕಟ್ಟೆಯ ಅಣ್ಣತಮ್ಮ. ಅದರ ಮೇಲೆ ಕೆತ್ತನೆಯ ತೊಲೆಗಳ ಆಸರೆಯಲ್ಲಿ ಮರದ ಝರೂಖಾ. ಅಹಮದಾಬಾದಿನ ಆ ಹಳೇ ಊರಿಗೆ 2017ರಲ್ಲಿ ಯುನೆಸ್ಕೊ ಮನ್ನಣೆ ಬಂತು. ಮಕರಪುರದಲ್ಲೇ ಗಾಯಕವಾಡರು ಬೇಸಿಗೆಗೆಂದು ಕಟ್ಟಿಸಿದ ಅರಮನೆಯಿದೆ, ಈಗ ವಾಯುಪಡೆಯ ಕೈಯಲ್ಲಿದೆ. ಅದರ ಕಮಾನುಗಳ ಉದ್ದನೆ ಮೊಗಸಾಲೆಗಳೂ ಗಾಳಿಗಾಗಿಯೇ ಹುಟ್ಟಿದವು. ಕೆಳಗಿನ ಓಟಲೋ ಮತ್ತು ಮೇಲಿನ ಝರೂಖಾ ಎರಡನ್ನೂ ಮಡಿಸಿ ಒಂದು ಮಾಡಿ ಎರಡನೇ ಮಹಡಿಗೆ ಏರಿಸಿದರೆ ಅದೇ ನಮ್ಮ ಐದಡಿಯ ಗ್ಯಾಲರಿ. ಹಾಗಾಗಿಯೇ ಪೋಳ್ ಬಿಟ್ಟು ಫ್ಲಾಟಿಗೆ ಬಂದ ಬಾಗೂ, ಜಗುಲಿ ಬಿಟ್ಟು ಬಂದ ಆಯಿಗೂ ಅದು ಒಂದೇ ಸಲಕ್ಕೆ ಒಗ್ಗಿತು.

ಹಿಂದುಗಡೆಯ ಚೌಕದ ಮಾತು ಸ್ವಲ್ಪ ಬೇರೆ. ಬೆಂಗಳೂರಿನ ಹಳೇ ಮನೆಗಳ ಹಿಂದೆ, ಆಮೇಲೆ ಅಪಾರ್ಟ್‌ಮೆಂಟುಗಳ ಯುಟಿಲಿಟಿಯಲ್ಲೂ, ಸೊಂಟದೆತ್ತರಕ್ಕೆ ಬಟ್ಟೆ ಒಗೆಯುವ ಕಲ್ಲು ಇರುತ್ತದೆ. ನಿಂತು ಒಗೆಯುವವರ ನಾಡು ನಮ್ಮದು. ಗುಜರಾತಿನ ಫ್ಲಾಟಿನಲ್ಲಿ ಅದರ ಜಾಗದಲ್ಲಿ ಚೋಕ್ಡಿ. ನೆಲಕ್ಕಿಂತ ನಾಲ್ಕು ಬೆರಳು ತಗ್ಗು, ಸುತ್ತ ಗಿಡ್ಡ ಕಟ್ಟೆ, ಕೋಟಾ ಕಲ್ಲಿನ ಹಾಸು, ಮೂಲೆಗೊಂದು ನಲ್ಲಿ. ಮಣೆ ಹಾಕಿಕೊಂಡು ಕೂತೇ ಪಾತ್ರೆ ತೊಳೆಯುವುದು, ಕೂತೇ ಬಟ್ಟೆ ಕುಸುಬುವುದು. ಆಯಿಗೆ ಮೊದಮೊದಲು ಬೆನ್ನು ನೋಯುತ್ತಿತ್ತು. ವಾಷಿಂಗ್ ಮೆಷಿನ್ ಬಂದ ಮೇಲೆ ಚೋಕ್ಡಿಗಳನ್ನು ಮುಚ್ಚಿ ನೆಲಕ್ಕೆ ಸಮ ಮಾಡಿದರು. ಇದಕ್ಕಾಗಿ ನಾನು ಕಣ್ಣೀರು ಹಾಕಲಾರೆ. ಹೆಂಗಸರ ಮಂಡಿಗಳನ್ನು ಉಳಿಸಿದ ಬದಲಾವಣೆಯನ್ನು ಬೈದರೆ ಅದು ನೆನಪಲ್ಲ, ಮೊಂಡುತನ.

ಮುಂದಿನ ಗ್ಯಾಲರಿ ಮುಚ್ಚಿದ ಕತೆ ಮಾತ್ರ ಬೇರೆಯೇ. ಅದು ಶುರುವಾದದ್ದು ಒಂದು ಕಾಟ್‌ನಿಂದ. ಮನೆಮನೆಯಲ್ಲೂ ಮಕ್ಕಳು ಬೆಳೆದರು, ಊರಿಂದ ಅಜ್ಜಿ ಬಂದರು, ಓದುವ ಹುಡುಗನಿಗೆ ಬೇರೆ ಜಾಗ ಬೇಕಾಯಿತು. ಮೊದಲು ಗ್ಯಾಲರಿಗೆ ಬಿದಿರಿನ ತಟ್ಟಿ ಇಳಿಬಿಟ್ಟರು, ಮಳೆಗಾಲಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದರು. ಆಮೇಲೆ ಅಲ್ಯುಮಿನಿಯಮ್ ಕಿಟಕಿಯವರು ಮನೆಮನೆಗೂ ಬಂದರು. ಕೊನೆಗೆ ಜಾಲಂಧ್ರ ಕಿತ್ತು ಅದರ ಜಾಗದಲ್ಲಿ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿದರು. ಒಳಗಿನ ಕೋಣೆಗೆ ಐದಡಿ ಹೆಚ್ಚಿತು, ಜೊತೆಗೆ ಕತ್ತಲೂ ಹೆಚ್ಚಿತು. ಹೊಸ ಗೋಡೆಗೆ ನೆರಳು ಕೊಡಲು ಮುಂದೆ ಏನೂ ಉಳಿದಿರಲಿಲ್ಲ; ಫ್ಯಾನು ಸಾಲದಾಯಿತು, ಕೂಲರ್ ಬಂತು, ಅದರ ಹಿಂದೆ ಎಸಿ.

ಈ ಗೋಡೆ ಎಷ್ಟು ಭಾರವೆಂದು ಯಾರೂ ಕೇಳಲಿಲ್ಲ. ಒಂಬತ್ತಡಿ ಎತ್ತರದ, ನಾಲ್ಕೂವರೆ ಇಂಚಿನ ಗೋಡೆ, ಎರಡೂ ಕಡೆ ಗಿಲಾವು ಸೇರಿ, ಒಂದಡಿ ಉದ್ದಕ್ಕೆ ಸುಮಾರು 200 ಕೆ.ಜಿ. ತೂಗುತ್ತದೆ. ಹತ್ತಡಿಯ ಗ್ಯಾಲರಿಗೆ ಎರಡು ಟನ್ನು. ಅದೂ ಎಲ್ಲಿ? ಯಾವ ಕಂಬದ ಆಸರೆಯೂ ಇಲ್ಲದೆ ಹೊರಗೆ ಚಾಚಿದ ಸ್ಲ್ಯಾಬಿನ ಕಟ್ಟಕಡೆಯ ಅಂಚಿನಲ್ಲಿ. ಅಲ್ಲಿಯವರೆಗೆ ಅಲ್ಲಿದ್ದದ್ದು ತೂತು ತೂತಿನ ಒಂದು ತೆಳು ಜಾಲಂಧ್ರ.

ಹೀಗೆ ಚಾಚಿದ ಸ್ಲ್ಯಾಬಿಗೆ ಒಂದು ಗುಣವಿದೆ, ಅದನ್ನು ತಿಳಿದುಕೊಂಡರೆ ಹಳೇ ಫ್ಲಾಟಿನಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಕೋಣೆಯ ಮೇಲಿನ ಸ್ಲ್ಯಾಬು ನಡುವೆ ಕೆಳಕ್ಕೆ ಬಾಗುತ್ತದೆ, ಅದನ್ನು ಹಿಡಿಯುವ ಕಂಬಿ ಕೆಳಗಡೆ ಇರಬೇಕು. ಗ್ಯಾಲರಿಯ ಸ್ಲ್ಯಾಬು ಹಾಗಲ್ಲ; ಅದರ ಮೂತಿ ಕೆಳಕ್ಕೆ ಜಗ್ಗುವಾಗ ಬುಡದಲ್ಲಿ ಮೇಲಿನ ಮೈ ಹಿಗ್ಗಿ ಹರಿಯಲು ನೋಡುತ್ತದೆ. ಹಾಗಾಗಿ ಅದರ ಕಂಬಿ ಮೇಲುಗಡೆಯೇ ಇರಬೇಕು, ಒಳಗಿನ ಸ್ಲ್ಯಾಬಿನೊಳಕ್ಕೂ ಉದ್ದಕ್ಕೆ ಹೋಗಿ ಬೇರೂರಬೇಕು. ಕಾಂಕ್ರೀಟು ಹಾಕುವ ದಿನ ಬಾಣಲೆ ಹೊತ್ತವರು ಆ ಕಂಬಿಯ ಮೇಲೇ ನಡೆದಾಡಿದರೆ ಅದು ತಗ್ಗಿ ಕೆಳಕ್ಕೆ ಕೂರುತ್ತದೆ. ಕಂಬಿ ಇದೆ, ಲೆಕ್ಕದಷ್ಟೇ ಇದೆ, ಆದರೆ ಇರಬೇಕಾದ ಕಡೆ ಇಲ್ಲ. ಒಳ್ಳೆಯ ಮೇಸ್ತ್ರಿ ಅದಕ್ಕೇ ಕಂಬಿಯ ಕೆಳಗೆ ಕುರ್ಚಿಯಾಕಾರದ ತುಂಡುಗಳನ್ನು ಕೊಟ್ಟು, ಮೇಲೆ ಹಲಗೆ ಹಾಸಿ ಜನರನ್ನು ನಡೆಸುತ್ತಿದ್ದ. ಹಾಗೆ ಮಾಡಿದನೋ ಇಲ್ಲವೋ ಎಂಬುದು ವರ್ಷಗಳ ಮೇಲೆ ಗೊತ್ತಾಗುತ್ತದೆ. ಗ್ಯಾಲರಿಯ ನೆಲದಲ್ಲಿ, ಕೋಣೆಯ ಗೋಡೆ ಸೇರುವ ಕಡೆ, ಗೋಡೆಗೆ ಸಮಾನಾಂತರವಾಗಿ ಉದ್ದಕ್ಕೂ ಒಂದು ಬಿರುಕು ಹಾಯ್ದಿದ್ದರೆ ಅದು ಗಿಲಾವಿನ ಬಿರುಕೆಂದು ಬಿಳಿ ಸಿಮೆಂಟು ತುಂಬಿ ಸುಮ್ಮನಾಗಬಾರದು. ಹರಿದು ಹೋಗಬೇಕಾದ ನೀರು ಹೊರ ಅಂಚಿನಲ್ಲಿ ನಿಲ್ಲತೊಡಗಿದರೆ ಮೂತಿ ಜಗ್ಗಿದೆ ಎಂದರ್ಥ. ಆ ಬಿರುಕಿಂದ ಮಳೆನೀರು ಇಳಿದು ಕಂಬಿಗೆ ತುಕ್ಕು ಹಿಡಿದರೆ ಆಮೇಲೆ ಕಾಲವಷ್ಟೇ ಉಳಿದ ಲೆಕ್ಕ.

ಮನೆಯವರು ಮಾಡಿದ್ದನ್ನು ಕಟ್ಟುವವರು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ತೆರೆದ ಬಾಲ್ಕನಿಯಂತೆ ಮೊದಲ ಮಹಡಿಯಿಂದ ಮೇಲಕ್ಕೆ ಹೊರಚಾಚಿದ ಭಾಗಕ್ಕೆ ನಿಯಮಗಳಲ್ಲಿ ಸಡಿಲವಿತ್ತು. ಅಹಮದಾಬಾದಿನಲ್ಲಿ ಆ ಚಾಚನ್ನೇ ಸುತ್ತ ಗೋಡೆ ಕಟ್ಟಿ ಕೋಣೆಯಾಗಿಸಿ ಮಾರತೊಡಗಿದರು. ಗೋಡೆಯ ಭಾರ ಹೊರಲು ಚಾಚಿದ ಬೀಮಿನ ತುದಿಯಿಂದ ಕಂಬ ಎಬ್ಬಿಸಿದರು. ಮೇಲಿನ ಮಹಡಿಗಳಿಗೆಲ್ಲ ಆ ಕಂಬವಿದೆ, ಕೆಳಗೆ ನೆಲಕ್ಕೆ ಮಾತ್ರ ಇಳಿದೇ ಇಲ್ಲ. ಎಂಜಿನಿಯರುಗಳು ಅದನ್ನು ತೇಲುಕಂಬ ಎನ್ನುತ್ತಾರೆ. ನೆಲಮಹಡಿಯಲ್ಲೋ ಸ್ಕೂಟರು, ಕಾರು ನಿಲ್ಲಿಸಲು ಗೋಡೆಗಳೇ ಇಲ್ಲದ ಬಯಲು. ಮೇಲೆ ಭಾರ, ಕೆಳಗೆ ಕಡ್ಡಿಕಾಲು.

2001ರ ಜನವರಿ 26ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಕಚ್ಛದ ಭಚಾವು ಬಳಿ ಭೂಮಿ ನಡುಗಿತು. ಅಹಮದಾಬಾದು ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಆ ನಗರದಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದವು, ಏಳುನೂರಕ್ಕೂ ಹೆಚ್ಚು ಜನ ಸತ್ತರು. ಸಾಬರಮತಿಯ ಮೆಕ್ಕಲು ಮಣ್ಣು ನಡುಕವನ್ನು ಹಿಗ್ಗಿಸಿತ್ತು. ಬಿದ್ದವುಗಳನ್ನು ಪರೀಕ್ಷಿಸಿದವರು ಮತ್ತೆ ಮತ್ತೆ ಕಂಡದ್ದು ಇದೇ ಎರಡನ್ನು: ಗೋಡೆಯಿಲ್ಲದ ನೆಲಮಹಡಿ, ನೆಲಕ್ಕಿಳಿಯದ ಕಂಬ. ಆಸುಪಾಸಿನ ಪೋಳ್‌ಗಳಲ್ಲಿ ಮರದ ಚೌಕಟ್ಟಿನ ಎಷ್ಟೋ ಹಳೇ ಮನೆಗಳು ನಿಂತೇ ಇದ್ದವು. ಬಡೋದೆಯಲ್ಲಿ ನಾವು ಮೆಟ್ಟಿಲಿಳಿದು ಬೀದಿಗೆ ಓಡಿದೆವು. ಮೇಲೆ ನೋಡಿದರೆ ನಮ್ಮ ಉಯ್ಯಾಲೆ ತಾನಾಗಿ ತೂಗುತ್ತಿತ್ತು. ಕೆಳಗೆ ನಿಂತ ಅಷ್ಟೂ ಜನ ಅವತ್ತು ಮೊದಲ ಬಾರಿಗೆ ತಮ್ಮ ತಮ್ಮ ಗ್ಯಾಲರಿಗೆ ಕಟ್ಟಿಸಿದ ಗೋಡೆಗಳನ್ನು ಕೆಳಗಿಂದ ನೋಡುತ್ತಿದ್ದರು.

ಆಮೇಲೆ ನಿಯಮಗಳು ಬಿಗಿಯಾದವು. ಭೂಕಂಪ ನಿರೋಧದ ಭಾರತೀಯ ಮಾನಕವನ್ನು 2002ರಲ್ಲಿ ಪರಿಷ್ಕರಿಸಿದರು. ಈಗಿನ ಕಟ್ಟಡಗಳ ಕಂಬ ದಪ್ಪ, ಲಿಫ್ಟಿನ ಸುತ್ತ ಕಾಂಕ್ರೀಟಿನ ಗೋಡೆ. ಅವುಗಳಲ್ಲಿ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದು, ಅದು ಸಣ್ಣ ಮಾತಲ್ಲ. ಆದರೆ ತಪ್ಪು ಮಾಡಿದ್ದು ತೆರೆದ ಗ್ಯಾಲರಿಯಲ್ಲ, ಅದನ್ನು ಮುಚ್ಚಿದ ದುರಾಸೆ. ಶಿಕ್ಷೆ ಮಾತ್ರ ಗ್ಯಾಲರಿಗೇ ಬಿತ್ತು. ಚಾಚು ಕುಗ್ಗುತ್ತ ಹೋಯಿತು. ಮುಚ್ಚಿದ್ದನ್ನು ಸಕ್ರಮ ಮಾಡಲು 2011ರಲ್ಲಿ ಒಂದು ಕಾನೂನು, 2022ರಲ್ಲಿ ಇನ್ನೊಂದು ಸುಗ್ರೀವಾಜ್ಞೆ ಬಂತು. ಇಂಪ್ಯಾಕ್ಟ್ ಫೀ ಕಟ್ಟಿದರೆ ಅಕ್ರಮ ಸಕ್ರಮ. ಗೋಡೆ ಕಟ್ಟದೆ ಗ್ಯಾಲರಿಯನ್ನು ತೆರೆದೇ ಇಟ್ಟುಕೊಂಡವನಿಗೆ ಏನು ಸಿಕ್ಕಿತು? ಏನೂ ಇಲ್ಲ.

ಮುಚ್ಚುತ್ತಾರೆ ಎಂಬುದು ಗೊತ್ತಿದ್ದೂ ಅದಕ್ಕೆ ಜಾಗ ಬಿಟ್ಟು ಕಟ್ಟಿದ ಒಬ್ಬರು ಗುಜರಾತಿನಲ್ಲೇ ಇದ್ದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಬಾಲಕೃಷ್ಣ ದೋಶಿ ಎಪ್ಪತ್ತರ ದಶಕದಲ್ಲಿ ಅಹಮದಾಬಾದಿನಲ್ಲಿ ಜೀವ ವಿಮಾ ನಿಗಮಕ್ಕಾಗಿ ಬಿಮಾನಗರ ಕಟ್ಟಿದರು. ಅಲ್ಲಿ ದೊಡ್ಡ ಮನೆ ಕೆಳಗೆ, ಅದಕ್ಕಿಂತ ಚಿಕ್ಕದು ಮೇಲೆ, ಎಲ್ಲಕ್ಕಿಂತ ಚಿಕ್ಕದು ತುದಿಯಲ್ಲಿ. ಪ್ರತಿ ಮಹಡಿ ಹಿಂದಕ್ಕೆ ಸರಿದುದರಿಂದ ಮೇಲಿನ ಮನೆಗೆ ಕೆಳಗಿನ ಮನೆಯ ಸೂರೇ ಅಂಗಳ. ಅದು ಗಾಳಿಯಲ್ಲಿ ಚಾಚಿದ ಸ್ಲ್ಯಾಬಲ್ಲ, ಗೋಡೆಗಳ ಮೇಲೆ ಕೂತ ಗಟ್ಟಿ ನೆಲ. ಸಂಸಾರ ಬೆಳೆದಾಗ ಜನ ಅಲ್ಲೊಂದು ಕೋಣೆ ಕಟ್ಟಿಕೊಂಡರು. ದೋಶಿಯವರು ಅದನ್ನು ತಪ್ಪೆನ್ನಲಿಲ್ಲ. ಮೂರು ತಲೆಮಾರು ಒಂದೇ ಮನೆಯಲ್ಲಿ ಬದುಕಲಿ ಎಂಬುದೇ ಅವರ ಎಣಿಕೆಯಾಗಿತ್ತು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಜಗತ್ತೇ ಅವರ ಹೆಸರು ಕೇಳಿತು. ಆದರೆ ಆ ಮಾದರಿಯನ್ನು ಅನುಸರಿಸಿದ ಸೊಸೈಟಿ ಮಕರಪುರದಲ್ಲಿ ನಾನಂತೂ ಕಂಡಿಲ್ಲ. ಹಿಂದಕ್ಕೆ ಸರಿಯುವ ಕಟ್ಟಡದಲ್ಲಿ ಮಾರುವ ಚದರಡಿ ಕಡಿಮೆಯಾಗುತ್ತದೆ.

ಈಗ ಮಾರುವ ಚದರಡಿಯೇ ಎಲ್ಲ. 2016ರ ರೇರಾ ಕಾನೂನು ಕೊಳ್ಳುವವರಿಗೆ ದೊಡ್ಡ ಉಪಕಾರ ಮಾಡಿತು. ಕಾರ್ಪೆಟ್ ಏರಿಯಾ ಎಂದರೆ ಏನೆಂದು ಗೆರೆ ಎಳೆದು ಹೇಳಿತು. ಮನೆಯ ಸ್ವಂತ ಬಾಲ್ಕನಿಯನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಮೋಸ ತಪ್ಪಿಸಲು ಇಟ್ಟ ಗೆರೆ ಅದು, ನ್ಯಾಯವೇ. ಆದರೆ ಕೊಳ್ಳುವವರ ಮನಸ್ಸಿನಲ್ಲಿ ಬಾಲ್ಕನಿ ಮನೆಯ ಲೆಕ್ಕದಿಂದಲೇ ಹೊರಬಿದ್ದಂತಾಯಿತು. ಹೊಸ ಫ್ಲಾಟಿನ ನಕ್ಷೆ ನೋಡಿದರೆ ಮೂರೂವರೆ ಅಡಿಯ ಒಂದು ಪಟ್ಟಿ, ಅದರ ಅರ್ಧಕ್ಕೆ ಎಸಿಯ ಹೊರಯಂತ್ರ. ಅದು ಉಗುಳುವ ಬಿಸಿಗಾಳಿಯಲ್ಲಿ ಯಾರೂ ನಿಲ್ಲುವುದಿಲ್ಲ. ಗಾಜಿನ ಕಟಕಟೆಯ ಹಿಂದೆ ಒಣಹಾಕಿದ ಬಟ್ಟೆ ಬೀದಿಗೆಲ್ಲ ಕಾಣುತ್ತದೆಂದು ಸೊಸೈಟಿಯವರು ಬಟ್ಟೆ ಹಾಕಬೇಡಿ ಎನ್ನುತ್ತಾರೆ. ಸಿಮೆಂಟಿನ ಜಾಲಂಧ್ರ ಎಷ್ಟು ಮರ್ಯಾದೆಯ ವಸ್ತುವಾಗಿತ್ತು ಎಂದು ಆಗ ನೆನಪಾಗುತ್ತದೆ. ಒಳಗಿನವರಿಗೆ ಹೊರಗಿನದೆಲ್ಲ ಕಾಣುತ್ತಿತ್ತು, ಹೊರಗಿನವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಸೂರತ್ತಿನಲ್ಲೂ ಇದೇ ಗಾಜು, ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲೂ ಇದೇ ಗಾಜು. ತಪತಿಯ ತೀರದ ಊರಿಗೂ ಡೆಕ್ಕನ್ನಿನ ಎತ್ತರದ ಊರಿಗೂ ಬಿಸಿಲು, ಗಾಳಿ, ಮಳೆ ಒಂದೇ ಎಂದು ಯಾರು ಹೇಳಿದರು? ಬೆಂಗಳೂರಿನಲ್ಲಿರುವ ನನ್ನ ಮಗಳು ಮನೆಯ ಫೋಟೋ ಕಳಿಸಿದಾಗ, ಅದು ಯಾವ ಊರು, ಯಾವ ಕಾಲ ಎಂದು ಅದರ ಬಾಲ್ಕನಿ ನೋಡಿ ನಾನು ಹೇಳಲಾರೆ.

ನಮ್ಮ ಹಳೇ ಸೊಸೈಟಿ ಈಗ ರಿಡೆವಲಪ್‌ಮೆಂಟಿಗೆ ಹೊರಟಿದೆ. ಇಪ್ಪತ್ತೈದು ವರ್ಷ ದಾಟಿದ ಕಟ್ಟಡವಾದರೆ ನೂರರಲ್ಲಿ ಎಪ್ಪತ್ತೈದು ಮಾಲೀಕರು ಒಪ್ಪಿದರೆ ಸಾಕು ಎಂಬ ತಿದ್ದುಪಡಿ ಗುಜರಾತಿನ ಫ್ಲಾಟು ಕಾಯ್ದೆಗೆ ಬಂದಿದೆ. ನಮ್ಮಲ್ಲಿ ಅಷ್ಟು ಜನ ಆಗಲೇ ಸಹಿ ಹಾಕಿದ್ದಾರೆ. ನಾನೂ ಹಾಕಿದೆ. ಕಂಬಗಳ ಬುಡದಲ್ಲಿ ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ, ಮಂಡಿ ನೋವಿನವರಿಗೆ ಲಿಫ್ಟ್ ಬೇಕು. ಬೇಡ ಎನ್ನಲು ನನಗೆ ಯಾವ ನ್ಯಾಯವೂ ಇಲ್ಲ. ನಕ್ಷೆ ಹಿಡಿದು ಬಂದ ಎಂಜಿನಿಯರ್ ಹುಡುಗನ ಹತ್ತಿರ ಎರಡೇ ಕೇಳಿದೆ. ದಕ್ಷಿಣದ ಬಾಲ್ಕನಿಯಾದರೂ ಐದಡಿ ಇರಲಿ, ಸ್ಲ್ಯಾಬು ಹಾಕುವ ಮೊದಲು ನಾಲ್ಕು ಕಡಾ ಬಿಡಿ. ಅವನು ಸಭ್ಯ ಹುಡುಗ, ಗಮನವಿಟ್ಟು ಕೇಳಿ ಬರೆದುಕೊಂಡ. ಕಡಾ ಬಿಡಬಹುದು ಆಂಟಿ, ಲೆಕ್ಕಕ್ಕೆ ಸೇರಿಸುತ್ತೇನೆ, ಯಾವ ಯಾವ ಮನೆಗೆ ಬೇಕೆಂದು ಮೊದಲೇ ಹೇಳಬೇಕು ಎಂದ. ಐದಡಿ ಆಗುವುದಿಲ್ಲ, ಒಳಗಿನ ಕೋಣೆ ಚಿಕ್ಕದಾಗುತ್ತದೆ, ಯಾರೂ ಕೊಳ್ಳುವುದಿಲ್ಲ ಎಂದ. ಮೂರೂವರೆ ಅಡಿಯಲ್ಲಿ ಕಡಾ ಇದ್ದು ಏನು ತೂಗಲಿ ಎಂದು ಕೇಳಿದ್ದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ಸೊಸೈಟಿಯ ಮುಂದಿನ ಸಭೆಗೆ ಉಳಿದವರ ಸಹಿ ಸೇರಿಸಿ ಬರೆದುಕೊಡಲು ಅರ್ಜಿ ಸಿದ್ಧಮಾಡಿದ್ದೇನೆ. ಅದಕ್ಕೆ ಈವರೆಗೆ ಸಹಿ ಹಾಕಿದವರೆಲ್ಲ ಅರವತ್ತು ದಾಟಿದವರೇ. ಎದುರು ಬ್ಲಾಕಿನ ಬಾ ಅವರ ಸೊಸೆ ಅದರಲ್ಲಿ ಮೊದಲಿನವಳು.